ಇಂಗ್ಲಿಷಿನ ಭವಿಷ್ಯತ್ತಿಗೆ ಮೂರು ರೂಪ: ಬೆಂಗಳೂರಿನ ಬೋಧನೆಯಲ್ಲಿ ಒಂದು ನೋಟ

ಇಂಗ್ಲಿಷ್ ವ್ಯಾಕರಣಕಾರರು ಭವಿಷ್ಯತ್ಕಾಲವೆಂದರೆ 'ಶಲ್', 'ವಿಲ್' ಎಂದೇ ಬಹುಕಾಲ ಬರೆದರು. ಇವೆರಡರ ನಿಯಮವನ್ನು ಜಾನ್ ವಾಲಿಸ್ 1653ರಲ್ಲಿ ವಿವರಿಸಿದ. ಜನರ ಮಾತಿನಲ್ಲಿ 'ಗೋಯಿಂಗ್ ಟು' ಅದಕ್ಕೂ ಮೊದಲೇ ಬೇರೂರಿತ್ತು; 1646ರಲ್ಲಿ ಜೋಶುವಾ ಪೂಲ್ ಅದನ್ನು ಭವಿಷ್ಯಸೂಚಕವೆಂದು ಗುರುತಿಸಿದ್ದ. ಆದರೂ ನಮ್ಮ ತರಗತಿಗಳ ಕಾಲಪಟ್ಟಿಯಲ್ಲಿ ಭವಿಷ್ಯತ್ತಿನ ಅಂಕಣವನ್ನು 'ವಿಲ್' ಒಂದೇ ಆಕ್ರಮಿಸಿಕೊಂಡಿತು.

ಕನ್ನಡ ಮಕ್ಕಳಿಗೆ ಇದು ಸಲೀಸೂ ಆಯಿತು. 'ಕಳಿಸುತ್ತೇನೆ' ಎಂಬ ಒಂದೇ ರೂಪ ವಾರದ ಹಿಂದಿನ ಯೋಜನೆಗೂ ಈ ಕ್ಷಣದ ನಿರ್ಧಾರಕ್ಕೂ ಸಲ್ಲುತ್ತದೆ. ತೀರ್ಮಾನ ಯಾವಾಗ ಆಯಿತೆಂದು ನಮ್ಮ ಕ್ರಿಯಾಪದ ಕೇಳುವುದಿಲ್ಲ, ಇಂಗ್ಲಿಷಿನದು ಕೇಳುತ್ತದೆ.

ಒಂದು ಕಲ್ಪಿತ ಪತ್ರವ್ಯವಹಾರ ನೋಡೋಣ. ನಲ್ಲಿ ಸೋರುತ್ತಿದೆ ಎಂದು ವಿಜಯನಗರದ ಬಾಡಿಗೆದಾರರು ರಾಜಾಜಿನಗರದ ಮನೆ ಮಾಲೀಕರಿಗೆ ಬರೆಯುತ್ತಾರೆ. ಮಾಲೀಕರು 'ಐ ವಿಲ್ ಸೆಂಡ್ ಎ ಪ್ಲಂಬರ್' ಎಂದು ಉತ್ತರಿಸಿದರೆ, ಪತ್ರ ಓದಿದ ಮೇಲೆ ಮೂಡಿದ ನಿರ್ಧಾರ ಅದು. 'ಐ ಆಮ್ ಗೋಯಿಂಗ್ ಟು ಚೇಂಜ್ ದ ಟ್ಯಾಪ್ಸ್' ಎಂದರೆ, ಬದಲಾಯಿಸುವ ವಿಚಾರ ಮೊದಲೇ ಅವರ ಮನಸ್ಸಿನಲ್ಲಿತ್ತು. 'ದ ಪ್ಲಂಬರ್ ಈಸ್ ಕಮಿಂಗ್ ಅಟ್ ಫೈವ್' ಎಂದರೆ, ಪ್ಲಂಬರ್ ಜತೆ ಮಾತಾಗಿ ಸಮಯವೂ ಗೊತ್ತಾಗಿದೆ; ಬಾಡಿಗೆದಾರರು ಐದಕ್ಕೆ ಮನೆಯಲ್ಲಿರಬೇಕು. ಮಾತೇ ಆಡದೆ ಈ ಮೂರನೆಯದನ್ನು ಬರೆದರೆ ಓದುವವರು ಸುಮ್ಮನೆ ಕಾಯುತ್ತಾರೆ. ಎಲ್ಲ ಏರ್ಪಾಟು ಮುಗಿದ ಮೇಲೂ 'ವಿಲ್' ಬರೆದರೆ, ಬರಿಯ ಭರವಸೆಯೆಂದು ತಿಳಿದು ಮತ್ತೆ ಫೋನ್ ಮಾಡುತ್ತಾರೆ.

ಈ ವ್ಯತ್ಯಾಸ ಪಟ್ಟಿಯಿಂದ ಬರುವುದಿಲ್ಲ, ಸನ್ನಿವೇಶದಿಂದ ಬರುತ್ತದೆ ಎಂಬುದು ನನ್ನ ವಾದ. ಇದಕ್ಕೆ ಬಲ ಕೊಡುವ ಪ್ರಯೋಗವೊಂದು ಇಲ್ಲಿಯೇ ನಡೆದಿದೆ. ಇಂದು ಜ್ಞಾನಭಾರತಿ ಆವರಣದಲ್ಲಿರುವ, 1963ರಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೊಂದಿಗೆ ಸೇರಿ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ ಬೋಧನಾ ಪ್ರಯೋಗ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾಯಿತು. ಅಲ್ಲಿ ವಾಕ್ಯರಚನೆಗಳನ್ನು ಒಂದೊಂದಾಗಿ ಉರು ಹೊಡೆಸುವ ಕ್ರಮವನ್ನು ಕೈಬಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆಗಳಂಥವನ್ನು ಕೊಟ್ಟು ಮಕ್ಕಳಿಂದ ಲೆಕ್ಕ ಬಿಡಿಸಿದರು. ಗಮನ ಅರ್ಥದ ಮೇಲಿತ್ತು. ಭವಿಷ್ಯರೂಪಗಳು ಆ ಪ್ರಯೋಗದ ಗುರಿಯಾಗಿರಲಿಲ್ಲ. ಆದರೆ ಯಾವ ರೈಲು ಹಿಡಿಯಬೇಕೆಂದು ಆಗಲೇ ತೀರ್ಮಾನಿಸುವ ಮಗುವಿಗೂ ಟಿಕೆಟ್ ಕಾದಿರಿಸಿಕೊಂಡ ಪ್ರಯಾಣಿಕನಿಗೂ ಇರುವ ಅಂತರ ಇಂಥ ಪಾಠದಲ್ಲಿ ತಾನಾಗಿ ಕಾಣುತ್ತದೆ.

1985ರಲ್ಲಿ ಬಂದ ರೇಮಂಡ್ ಮರ್ಫಿಯವರ ವ್ಯಾಕರಣ ಪುಸ್ತಕ ಮಾತಾಡುವ ಹೊತ್ತಿನ ನಿರ್ಧಾರಕ್ಕೆ 'ವಿಲ್' ಎಂಬ ಸೂತ್ರವನ್ನು ಮನೆಮಾತಾಗಿಸಿತು. ಸೂತ್ರಕ್ಕೊಂದು ಮಿತಿಯಿದೆ: 'ದ ಆಫೀಸ್ ವಿಲ್ ಬಿ ಕ್ಲೋಸ್ಡ್ ಟುಮಾರೋ' ಎಂಬ ಪ್ರಕಟಣೆಯಲ್ಲಿ ದಿಢೀರ್ ನಿರ್ಧಾರವೇನಿಲ್ಲ, ಅದು ಔಪಚಾರಿಕ ಬರವಣಿಗೆಯ ರೂಢಿ. ಶಿಕ್ಷಕರು ಈ ಪ್ರಕಟಣೆಯನ್ನೂ ಮೇಲಿನ ಪತ್ರದಂಥದ್ದನ್ನೂ ಒಟ್ಟಿಗೇ ತರಗತಿಗೆ ತರಬೇಕು.