ಆಯಾಮ ಪರೀಕ್ಷೆಯಿಂದ ತಪ್ಪು ಹೆಜ್ಜೆಯ ಪತ್ತೆ

ವಿದ್ಯಾರ್ಥಿಯೊಬ್ಬ ಹಂತಹಂತವಾಗಿ ಬಿಡಿಸಿ ಬರೆದ ಭೌತವಿಜ್ಞಾನದ ಲೆಕ್ಕದಲ್ಲಿ ಪ್ರತಿಯೊಂದು ಸಾಲಿನ ಎರಡೂ ಬದಿಗಳು, ಹಾಗೂ ಒಂದಕ್ಕೊಂದು ಕೂಡಿಸಿದ ಅಥವಾ ಕಳೆದ ಪದಗಳೆಲ್ಲವೂ, ಒಂದೇ ಬಗೆಯ ಪರಿಮಾಣಗಳಾಗಿವೆಯೇ ಎಂದು ಪರಿಶೀಲಿಸಿ, ಆ ಹೊಂದಾಣಿಕೆ ಮೊದಲ ಬಾರಿಗೆ ಕೆಟ್ಟ ಸಾಲನ್ನು ಗುರುತಿಸುವ ಕ್ರಮಕ್ಕೆ ಆಯಾಮ ಪರೀಕ್ಷೆ ಎನ್ನುತ್ತಾರೆ. ಯಂತ್ರಶಾಸ್ತ್ರದ ಯಾವುದೇ ಪರಿಮಾಣವನ್ನು ದ್ರವ್ಯರಾಶಿ (M), ಉದ್ದ (L) ಮತ್ತು ಕಾಲ (T) ಎಂಬ ಮೂರು ಮೂಲ ಪರಿಮಾಣಗಳ ಘಾತಗಳ ಗುಣಲಬ್ಧವಾಗಿ ಬರೆಯಬಹುದು. ಹಾಗೆ ಬರೆದ ರೂಪವೇ ಅದರ ಆಯಾಮ. ವೇಗದ ಆಯಾಮ LT⁻¹, ಬಲದ್ದು MLT⁻², ಶಕ್ತಿಯದು ML²T⁻². ಭೌತಿಕ ಸಮೀಕರಣದ ಎಲ್ಲ ಪದಗಳಿಗೂ ಒಂದೇ ಆಯಾಮವಿರಬೇಕೆಂಬ ನಿಯಮವನ್ನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೇ 1822ರಲ್ಲಿ ಪ್ರಕಟಿಸಿದ ಉಷ್ಣಸಿದ್ಧಾಂತದ ಗ್ರಂಥದಲ್ಲಿ ಸ್ಪಷ್ಟವಾಗಿ ಮಂಡಿಸಿದನು. ಕರ್ನಾಟಕದಲ್ಲಿ ಪ್ರಥಮ ಪಿಯುಸಿ ಭೌತವಿಜ್ಞಾನದ ಆರಂಭದಲ್ಲೇ ಏಕಮಾನ ಮತ್ತು ಅಳತೆಯ ಪಾಠದ ಜೊತೆಗೆ ಈ ವಿಷಯ ಬರುತ್ತದೆ. ಆದರೆ ಅಲ್ಲಿನ ಅಭ್ಯಾಸಗಳಲ್ಲಿ ಸಾಮಾನ್ಯವಾಗಿ ಸಿದ್ಧ ಸೂತ್ರವೊಂದನ್ನು ಕೊಟ್ಟು ಅದು ಸರಿಯೇ ಎಂದು ಕೇಳಲಾಗುತ್ತದೆಯೇ ಹೊರತು, ಬಿಡಿಸಿದ ಲೆಕ್ಕದ ನಡುವಿನ ಸಾಲುಗಳಿಗೆ ಅದನ್ನು ಅನ್ವಯಿಸುವುದು ಕಡಿಮೆ. ಈ ಪರೀಕ್ಷೆಯ ನಿಜವಾದ ಬಲವಿರುವುದು ಮಾತ್ರ ಆ ನಡುವಿನ ಸಾಲುಗಳಲ್ಲಿಯೇ.

ಪರೀಕ್ಷೆ ನಡೆಯುವ ಬಗೆಯನ್ನು ತಿಳಿಯಲು ಪರಿಚಿತವಾದ ಒಂದು ಲೆಕ್ಕ ಸಾಕು. ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ, ದ್ರವ್ಯರಾಶಿಯನ್ನು ಗಣನೆಗೆ ತೆಗೆದುಕೊಳ್ಳಬೇಕಿಲ್ಲದ ಸ್ಪ್ರಿಂಗಿನ ತುದಿಯಿಂದ h ಎತ್ತರದಲ್ಲಿ m ದ್ರವ್ಯರಾಶಿಯ ಒಂದು ಗುಂಡನ್ನು ಹಿಡಿದು ಕೈಬಿಟ್ಟರೆ, ಸ್ಪ್ರಿಂಗು ಹೆಚ್ಚೆಂದರೆ ಎಷ್ಟು ಕುಗ್ಗುತ್ತದೆ ಎಂಬುದು ಪ್ರಶ್ನೆ. ಸ್ಪ್ರಿಂಗಿನ ಸ್ಥಿರಾಂಕ k, ಅಂದರೆ ಅದನ್ನು ಒಂದು ಏಕಮಾನದಷ್ಟು ಉದ್ದ ಕುಗ್ಗಿಸಲು ಬೇಕಾಗುವ ಬಲ. ಕುಗ್ಗಿದ ಉದ್ದ x. ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಹೀಗೆ ಐದು ಸಾಲುಗಳಿವೆ ಎಂದುಕೊಳ್ಳಬಹುದು:

(1) mg(h + x) = ½kx²
(2) kx² − 2mgx − 2mgh = 0
(3) x = [2mg + √(4m²g² + 8kmgh)] / 2k
(4) x = [mg + √(m²g² + 2kmgh)] / k
(5) x = (mg/k)[1 + √(1 + 2kh)]

ಗುಂಡು ಒಟ್ಟು h + x ದೂರ ಇಳಿಯುವುದರಿಂದ ಕಳೆದುಕೊಂಡ ಗುರುತ್ವ ಪ್ರಚ್ಛನ್ನ ಶಕ್ತಿಯೇ ಸ್ಪ್ರಿಂಗಿನಲ್ಲಿ ಸೇರಿದ ಶಕ್ತಿ ಎಂಬುದು ಮೊದಲ ಸಾಲಿನ ಅರ್ಥ. ಮುಂದಿನದೆಲ್ಲ ವರ್ಗ ಸಮೀಕರಣವನ್ನು ಬಿಡಿಸುವ ಬೀಜಗಣಿತ. ಪರೀಕ್ಷೆಗೆ ಬೇಕಾಗುವ ಆಯಾಮಗಳು ಎರಡೇ. mg ಒಂದು ಬಲವಾದುದರಿಂದ ಅದರ ಆಯಾಮ MLT⁻². ಬಲವನ್ನು ಉದ್ದದಿಂದ ಭಾಗಿಸಿದಾಗ ದೊರೆಯುವ k ಯ ಆಯಾಮ MT⁻². ಪೂರ್ಣಸಂಖ್ಯೆಗಳಿಗೂ ½ ರಂತಹ ಭಿನ್ನರಾಶಿಗಳಿಗೂ ಆಯಾಮವಿಲ್ಲ.

ಎಲ್ಲ ಸಾಲುಗಳನ್ನೂ ಮೇಲಿನಿಂದ ಒಂದೊಂದಾಗಿ ನೋಡುತ್ತ ಬರುವುದಕ್ಕಿಂತ ಕೊನೆಯ ಸಾಲಿನಿಂದ ಆರಂಭಿಸುವುದು ಒಳ್ಳೆಯದು. ಏಕೆಂದರೆ ಆಯಾಮ ಕೆಡಿಸಿದ ತಪ್ಪು ಸಾಮಾನ್ಯವಾಗಿ ತನ್ನ ಗುರುತನ್ನು ಕೊನೆಯವರೆಗೂ ಹೊತ್ತು ಬರುತ್ತದೆ. ಐದನೆಯ ಸಾಲಿನ ವರ್ಗಮೂಲದೊಳಗೆ 1 ಮತ್ತು 2kh ಕೂಡಿವೆ. kh ಎಂಬುದು MT⁻² ಮತ್ತು L ಗಳ ಗುಣಲಬ್ಧ, ಅಂದರೆ MLT⁻², ಒಂದು ಬಲ. ಆಯಾಮವೇ ಇಲ್ಲದ 1 ಕ್ಕೆ ಬಲವೊಂದನ್ನು ಕೂಡಿಸಲು ಬರುವುದಿಲ್ಲವಾದ್ದರಿಂದ ಐದನೆಯ ಸಾಲು ತಪ್ಪು. ಈಗ ನಡುವಿನ ಮೂರನೆಯ ಸಾಲಿಗೆ ಹೋದರೆ, ವರ್ಗಮೂಲದೊಳಗಿನ m²g² ಗೆ M²L²T⁻⁴ ಆಯಾಮವಿದೆ, kmgh ಗೆ MT⁻², MLT⁻² ಮತ್ತು L ಗಳನ್ನು ಗುಣಿಸಿದಾಗ ಅದೇ M²L²T⁻⁴ ಬರುತ್ತದೆ. ವರ್ಗಮೂಲ ತೆಗೆದರೆ ಬಲ, ಅದನ್ನು k ಯಿಂದ ಭಾಗಿಸಿದರೆ ಉದ್ದ. ಮೂರನೆಯ ಸಾಲು ಹೊಂದುತ್ತದೆ, ಅದೇ ರೀತಿ ನಾಲ್ಕನೆಯದೂ ಹೊಂದುತ್ತದೆ. ಆದುದರಿಂದ ಆಯಾಮವನ್ನು ಕೆಡಿಸಿದ ತಪ್ಪು ನಾಲ್ಕರಿಂದ ಐದಕ್ಕೆ ಬರುವ ಹೆಜ್ಜೆಯಲ್ಲೇ ಇದೆ. ಎರಡು ಸಾಲುಗಳ ನಡುವಿನ ಈ ಅಂತರವನ್ನು ಅರ್ಧಕ್ಕರ್ಧ ಕಿರಿದುಗೊಳಿಸುತ್ತ ಹೋದರೆ ಇಪ್ಪತ್ತು ಸಾಲುಗಳ ಲೆಕ್ಕದಲ್ಲಿಯೂ ನಾಲ್ಕೈದು ಸಾಲುಗಳನ್ನು ಮಾತ್ರ ನೋಡಿ ತಪ್ಪಿನ ಜಾಗವನ್ನು ತಲುಪಬಹುದು.

ತಪ್ಪು ಎಲ್ಲಿದೆ ಎಂಬುದನ್ನಷ್ಟೇ ಅಲ್ಲದೆ ಏನು ತಪ್ಪಿರಬಹುದು ಎಂಬುದನ್ನೂ ಹೆಚ್ಚಾಗಿ ಉಳಿದ ಆಯಾಮವೇ ಹೇಳಿಬಿಡುತ್ತದೆ, ಮತ್ತು ಪರೀಕ್ಷೆಯ ಈ ಭಾಗಕ್ಕೆ ಸಲ್ಲಬೇಕಾದ ಗಮನ ಸಲ್ಲುತ್ತಿಲ್ಲ. 2kh ಆಯಾಮರಹಿತವಾಗಬೇಕಾಗಿತ್ತು, ಆದರೆ ಅದರಲ್ಲಿ ಒಂದು ಬಲ ಹೆಚ್ಚಾಗಿ ಉಳಿದಿದೆ. ಹಾಗಾದರೆ ಭಾಗಾಕಾರದಲ್ಲಿ ಇರಬೇಕಾಗಿದ್ದ ಒಂದು ಬಲ ಬಿಟ್ಟುಹೋಗಿದೆ. ಆ ಹೆಜ್ಜೆಯಲ್ಲಿ ವರ್ಗಮೂಲದಿಂದ ಹೊರಗೆ ತೆಗೆದ ಬಲ mg ಒಂದೇ. ವರ್ಗಮೂಲದೊಳಗಿನಿಂದ mg ಯನ್ನು ಹೊರಕ್ಕೆ ತೆಗೆಯುವಾಗ ಒಳಗಿನ ಪದಗಳನ್ನು (mg)² ನಿಂದ ಭಾಗಿಸಬೇಕು. ವಿದ್ಯಾರ್ಥಿಯು ಮೊದಲ ಪದವನ್ನು ಹಾಗೆಯೇ ಭಾಗಿಸಿ, ಎರಡನೆಯದನ್ನು mg ಯಿಂದ ಒಮ್ಮೆ ಮಾತ್ರ ಭಾಗಿಸಿದ್ದಾನೆ. ಸರಿಯಾದ ಸಾಲು ಹೀಗಿರುತ್ತದೆ:

x = (mg/k)[1 + √(1 + 2kh/mg)]

ಉತ್ತರಪತ್ರಿಕೆ ತಿದ್ದುವ ಅಧ್ಯಾಪಕರು ಐದನೆಯ ಸಾಲಿಗೆ ಬರಿದೇ ಅಡ್ಡಗೆರೆ ಎಳೆಯುವ ಬದಲು 2kh ನ ಕೆಳಗೆ ‘ಬಲ’ ಎಂದೂ 1 ರ ಕೆಳಗೆ ‘ಆಯಾಮವಿಲ್ಲ’ ಎಂದೂ ಬರೆದರೆ, ಬಿಟ್ಟುಹೋದ mg ಯನ್ನು ಹುಡುಕುವ ಕೆಲಸ ವಿದ್ಯಾರ್ಥಿಗೇ ಉಳಿಯುತ್ತದೆ, ಮತ್ತು ಅದು ಅವನ ಕೈಗೆಟಕುವಷ್ಟು ಹತ್ತಿರದಲ್ಲೂ ಇರುತ್ತದೆ.

ಆಯಾಮ ಹೊಂದದ ಸಾಲು ಏಕೆ ನಿಜವಾಗಿರಲಾರದು ಎಂಬುದನ್ನು ಸಂಖ್ಯೆಗಳು ಸ್ಪಷ್ಟಪಡಿಸುತ್ತವೆ. ಗುಂಡು 2 ಕಿಲೋಗ್ರಾಂ, h 0.5 ಮೀಟರ್, k ಪ್ರತಿ ಮೀಟರಿಗೆ 400 ನ್ಯೂಟನ್, g ಗೆ 9.8 ಮೀಟರ್ ಪ್ರತಿ ಸೆಕೆಂಡ್ ವರ್ಗ ಎಂದಿಟ್ಟುಕೊಂಡರೆ mg 19.6 ನ್ಯೂಟನ್, mg/k 0.049 ಮೀಟರ್ ಆಗುತ್ತದೆ. ಸರಿಯಾದ ಸೂತ್ರದಲ್ಲಿ 2kh/mg ಸುಮಾರು 20.4 ಆಗಿ, ಸ್ಪ್ರಿಂಗು ಸುಮಾರು 0.276 ಮೀಟರ್ ಕುಗ್ಗುತ್ತದೆ. ವಿದ್ಯಾರ್ಥಿಯ ಐದನೆಯ ಸಾಲು ವರ್ಗಮೂಲದೊಳಗೆ 401 ನ್ನು ಕೊಟ್ಟು, ಉತ್ತರವನ್ನು 1.03 ಮೀಟರಿಗೆ ಒಯ್ಯುತ್ತದೆ. ಇದೇ ಗುಂಡನ್ನೂ ಇದೇ ಸ್ಪ್ರಿಂಗನ್ನೂ ಸೆಂಟಿಮೀಟರ್, ಗ್ರಾಂ, ಸೆಕೆಂಡುಗಳಲ್ಲಿ ಅಳೆದರೆ k ಪ್ರತಿ ಸೆಂಟಿಮೀಟರಿಗೆ 4,00,000 ಡೈನ್, h 50 ಸೆಂಟಿಮೀಟರ್ ಆಗುತ್ತವೆ. ಆಗ 2kh ನಾಲ್ಕು ಕೋಟಿ ಡೈನ್ ಆಗಿ, ಅದೇ ಐದನೆಯ ಸಾಲು ಸ್ಪ್ರಿಂಗು ಸುಮಾರು 310 ಮೀಟರ್ ಕುಗ್ಗಿತೆಂದು ಹೇಳುತ್ತದೆ. ಸರಿಯಾದ ಸೂತ್ರದಲ್ಲಿ ಮಾತ್ರ 2kh/mg ಆಗಲೂ ಅದೇ 20.4 ಆಗಿರುತ್ತದೆ. ಅಳೆಯುವ ಮಾನ ಬದಲಾದರೆ ಸ್ಪ್ರಿಂಗು ಬೇರೆ ಉದ್ದಕ್ಕೆ ಕುಗ್ಗುವುದಿಲ್ಲ. ಮಾನದೊಂದಿಗೆ ಉತ್ತರವೇ ಬದಲಾಗುವ ಸಾಲು ಸ್ಪ್ರಿಂಗಿನ ಕುರಿತು ಏನನ್ನೂ ಹೇಳುತ್ತಿಲ್ಲ.

ಈ ಪರೀಕ್ಷೆಯನ್ನು ಅಸಾಧ್ಯವಾಗಿಸುವ ಒಂದು ರೂಢಿ ತರಗತಿಗಳಲ್ಲಿ ಬಲವಾಗಿ ಬೇರೂರಿದೆ: ಮೊದಲ ಸಾಲಿನಲ್ಲೇ ಅಕ್ಷರಗಳ ಜಾಗಕ್ಕೆ ಸಂಖ್ಯೆಗಳನ್ನು ಹಾಕಿಬಿಡುವುದು. √(1 + 400) ಎಂದೋ √401 ಎಂದೋ ಬರೆದ ಮೇಲೆ ಆ 400 ಒಂದು ಬಲವಾಗಿತ್ತೆಂಬ ಗುರುತು ಎಲ್ಲಿಯೂ ಉಳಿಯುವುದಿಲ್ಲ. ಲೆಕ್ಕದ ಸುಲಭಕ್ಕಾಗಿ m ನ ಬೆಲೆಯನ್ನು 1 ಎಂದಿಟ್ಟು ಅಕ್ಷರವನ್ನೇ ಕೈಬಿಡುವುದರಿಂದಲೂ ಇದೇ ಹಾನಿಯಾಗುತ್ತದೆ. ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಉಳಿಸಿಕೊಂಡು, ಅಲ್ಲಿ ಸಂಖ್ಯೆಯನ್ನು ಅದರ ಏಕಮಾನದ ಸಮೇತ ಹಾಕುವುದೇ ಸರಿಯಾದ ಕ್ರಮ.

ಏಕಮಾನದ ಸಮೇತ ಎಂಬ ಮಾತಿಗೆ ಕಾರಣವಿದೆ, ಏಕೆಂದರೆ ಆಯಾಮ ಪರೀಕ್ಷೆ ಮತ್ತು ಏಕಮಾನ ಪರೀಕ್ಷೆ ಒಂದೇ ಅಲ್ಲ. ಸೆಂಟಿಮೀಟರಿಗೂ ಮೀಟರಿಗೂ ಆಯಾಮ L ಒಂದೇ ಆದುದರಿಂದ, ಅವೆರಡರ ಬೆರಕೆಯನ್ನು ಆಯಾಮ ಪರೀಕ್ಷೆ ಕಾಣಲಾರದು. ಮೇಲಿನ ಲೆಕ್ಕದಲ್ಲಿಯೇ k ಯನ್ನು ಪ್ರತಿ ಸೆಂಟಿಮೀಟರಿಗೆ 4 ನ್ಯೂಟನ್ ಎಂದು ಕೊಟ್ಟು, h ನ್ನು 0.5 ಮೀಟರ್ ಎಂದು ಕೊಟ್ಟಿದ್ದರೆ, ಸೂತ್ರ ಪೂರ್ತಿ ಸರಿಯಿದ್ದರೂ 2kh/mg ಗೆ 0.204 ಎಂಬ ಬೆಲೆ ಬರುತ್ತದೆ. ಸಂಖ್ಯೆಗಳನ್ನು ಬರಿದಾಗಿ ಬರೆದವನಿಗೆ ಇದರಲ್ಲಿ ಶಂಕಿಸುವಂಥದು ಏನೂ ಕಾಣುವುದಿಲ್ಲ. ಏಕಮಾನಗಳನ್ನು ಜೊತೆಗೆ ಬರೆದವನಿಗೆ ನ್ಯೂಟನ್ ಮೇಲೆ ಕೆಳಗೆ ಹೊಡೆದುಹೋಗಿ ‘0.204 ಮೀಟರ್ / ಸೆಂಟಿಮೀಟರ್’ ಎಂಬ ಶೇಷ ಕಣ್ಣಿಗೆ ಬೀಳುತ್ತದೆ. ಮೀಟರನ್ನು ಸೆಂಟಿಮೀಟರಿನಿಂದ ಭಾಗಿಸಿದರೆ 100, ಆದುದರಿಂದ ಬೆಲೆ 20.4. ಇಲ್ಲಿಯೂ ಉಳಿದದ್ದೇ ತಪ್ಪಿದ್ದನ್ನು ತೋರಿಸುತ್ತದೆ.

ಆಯಾಮ ಹೊಂದಿದ ಮಾತ್ರಕ್ಕೆ ಸಾಲು ಸರಿ ಎಂದಾಗುವುದಿಲ್ಲ. ಆಯಾಮರಹಿತ ಸಂಖ್ಯೆಯ ತಪ್ಪು, ಚಿಹ್ನೆಯ ತಪ್ಪು, ಒಂದೇ ಆಯಾಮದ ಎರಡು ಪರಿಮಾಣಗಳ ಅದಲುಬದಲು, ಇವು ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಸೆಕೆಂಡಿಗೆ ಎಷ್ಟು ಆವರ್ತನೆ ಎಂಬುದಕ್ಕೂ ಸೆಕೆಂಡಿಗೆ ಎಷ್ಟು ರೇಡಿಯನ್ ಎಂಬುದಕ್ಕೂ ಆಯಾಮ T⁻¹ ಒಂದೇ ಆದುದರಿಂದ 2π ಬಿಟ್ಟುಹೋದದ್ದು ತಿಳಿಯುವುದಿಲ್ಲ. ಮೇಲಿನ ಲೆಕ್ಕದ ಮೊದಲ ಸಾಲಿನಲ್ಲಿ ½ ನ್ನು ಮರೆತರೂ, h + x ನ ಬದಲು h − x ಎಂದು ಬರೆದರೂ, x ನ್ನು ಬಿಟ್ಟು mgh ಎಂದಷ್ಟೇ ಬರೆದರೂ ಮುಂದಿನ ಎಲ್ಲ ಸಾಲುಗಳು ಆಯಾಮದಲ್ಲಿ ನಿರ್ದೋಷವಾಗಿರುತ್ತವೆ. ಹೀಗಾಗಿ ತಪ್ಪು ಹೆಜ್ಜೆ ಐದನೆಯದು ಎಂದು ಕಂಡ ಬಳಿಕವೂ ಅದಕ್ಕೆ ಮೊದಲಿನ ಸಾಲುಗಳಲ್ಲಿ ಬೇರೆ ತಪ್ಪಿಲ್ಲವೆಂದು ಹೇಳುವ ಅಧಿಕಾರ ಈ ಪರೀಕ್ಷೆಗಿಲ್ಲ.

ಅಂತಹ ತಪ್ಪುಗಳಿಗೆ ಉತ್ತರವು ತಿಳಿದಿರುವ ಒಂದು ವಿಶೇಷ ಸಂದರ್ಭವನ್ನು ಹಾಕಿ ನೋಡುವುದು ಪೂರಕ ಕ್ರಮ. ಗುಂಡನ್ನು ಸ್ಪ್ರಿಂಗಿನ ತುದಿಗೆ ತಾಗಿಸಿಯೇ ಕೈಬಿಟ್ಟರೆ h ಸೊನ್ನೆ. ಸರಿಯಾದ ಸೂತ್ರ ಆಗ 2mg/k ಎನ್ನುತ್ತದೆ. ½ ಮರೆತ ಲೆಕ್ಕ mg/k ಎನ್ನುತ್ತದೆ, ಆದರೆ ಅದು ಗುಂಡು ಕೊನೆಗೆ ಸಮತೋಲದಲ್ಲಿ ನಿಲ್ಲುವ ಸ್ಥಾನ. ಥಟ್ಟನೆ ಬಿಟ್ಟ ಗುಂಡು ಆ ಸ್ಥಾನವನ್ನು ವೇಗದಿಂದ ದಾಟಿ ಅಷ್ಟೇ ದೂರ ಮತ್ತೂ ಕೆಳಕ್ಕೆ ಹೋಗಲೇಬೇಕು. h − x ಎಂದು ಬರೆದ ಲೆಕ್ಕವೂ, x ನ್ನು ಬಿಟ್ಟ ಲೆಕ್ಕವೂ h ಸೊನ್ನೆಯಾದಾಗ ಸೊನ್ನೆಯನ್ನು ಕೊಡುತ್ತವೆ, ಅಂದರೆ ತನ್ನ ತುದಿಯಲ್ಲಿ ಎರಡು ಕಿಲೋ ಭಾರ ಬಿಟ್ಟರೂ ಸ್ಪ್ರಿಂಗು ಕೂದಲೆಳೆಯಷ್ಟೂ ಕುಗ್ಗುವುದಿಲ್ಲವೆಂದು ಹೇಳುತ್ತವೆ. ಆಗ ನೋಡಬೇಕಾದದ್ದು ಬೀಜಗಣಿತವನ್ನಲ್ಲ, ಶಕ್ತಿಯ ಲೆಕ್ಕ ಬರೆದ ಮೊದಲ ಸಾಲನ್ನು.