ಎಕೋ ರಿಪೋರ್ಟಿನ ಒಂದು ಸಂಖ್ಯೆ: ಬಲ ಹೃದಯ ಸೋತರೆ ಏದುಸಿರು ಯಾಕೆ?

32 ವರ್ಷದ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಿ. ಎರಡು ಮಹಡಿ ಹತ್ತಿದರೆ ಏದುಸಿರು. ಕೂತಾಗ ಆಕ್ಸಿಮೀಟರ್ 97 ತೋರಿಸುತ್ತೆ, ಸ್ಟೆತಸ್ಕೋಪ್ ಇಟ್ಟರೆ ಶ್ವಾಸಕೋಶದಲ್ಲಿ ಯಾವ ದೋಷವೂ ಕೇಳಿಸಲ್ಲ. ‘ರಕ್ತ ಕಡಿಮೆ ಇರಬಹುದು, ಟೆನ್ಷನ್ ಇರಬಹುದು’ ಅಂತ ಮನೆಗೆ ಕಳಿಸುತ್ತಾರೆ. ಪಲ್ಮನರಿ ಹೈಪರ್‌ಟೆನ್ಷನ್ ಕಣ್ತಪ್ಪಿಸಿಕೊಳ್ಳೋದು ಹೆಚ್ಚಾಗಿ ಹೀಗೇ.

ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿಯಲ್ಲಿ ಇದು ಕಾಣಲ್ಲ. ಇದು ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಒತ್ತಡ. ಅಲ್ಲಿ ಸರಾಸರಿ ಒತ್ತಡ ಸಾಮಾನ್ಯವಾಗಿ ಸುಮಾರು 14 ಮಿ.ಮೀ. ಪಾದರಸ, 20 ದಾಟಿದರೆ ಕಾಯಿಲೆ. ಆ ನಾಳಗಳು ದಪ್ಪಗಾಗಿ ಕಿರಿದಾಗಬಹುದು, ಹಳೆಯ ರಕ್ತದ ಹೆಪ್ಪು ಅಡ್ಡ ನಿಲ್ಲಬಹುದು. ಎಡ ಹೃದಯದ ತೊಂದರೆಯಿಂದ ಒತ್ತಡ ಹಿಂದಕ್ಕೆ ಬರೋದು ಎಲ್ಲಕ್ಕಿಂತ ಸಾಮಾನ್ಯ ಕಾರಣ.

ಹಾಗಾದರೆ ಆಕ್ಸಿಜನ್ ಸರಿಯಿದ್ದೂ ಉಸಿರು ಯಾಕೆ ಸಾಲಲ್ಲ? ಬಲ ಮತ್ತು ಎಡ ಹೃದಯ ಒಂದೇ ಪೈಪ್‌ಲೈನಿನ ಎರಡು ಪಂಪುಗಳು. ಬಲಗಡೆಯ ಪಂಪಿನ ಗೋಡೆ ತೆಳು, ಕಡಿಮೆ ಒತ್ತಡಕ್ಕೆಂದೇ ಇರುವಂಥದ್ದು. ಮುಂದೆ ಪ್ರತಿರೋಧ ಹೆಚ್ಚಾದಾಗ ಅದು ಹಿಗ್ಗಿ, ನಡುವಿನ ಗೋಡೆಯನ್ನು ಎಡಕ್ಕೆ ತಳ್ಳುತ್ತೆ. ಎಡ ಪಂಪಿಗೆ ಬರುವ ರಕ್ತವೂ ಕಡಿಮೆ, ತುಂಬಿಕೊಳ್ಳಲು ಜಾಗವೂ ಕಡಿಮೆ. ಮೆಟ್ಟಿಲು ಹತ್ತುವಾಗ ಹೃದಯ ರಕ್ತದ ಪೂರೈಕೆಯನ್ನು ಬೇಕಾದಷ್ಟು ಹೆಚ್ಚಿಸಲಾಗದೆ, ಸ್ನಾಯುಗಳು ಬೇಗ ಆಮ್ಲ ಬಿಡುತ್ತವೆ. ಅದನ್ನು ಸರಿದೂಗಿಸಲು ಮೆದುಳು ಉಸಿರಾಟದ ವೇಗ ಏರಿಸುತ್ತೆ. ಆದರೆ ಒಳಗೆ ಹೋದ ಗಾಳಿಯಲ್ಲಿ ಒಂದು ಪಾಲು, ರಕ್ತವೇ ಸರಿಯಾಗಿ ಹರಿಯದ ಜಾಗ ಸೇರಿ ವ್ಯರ್ಥವಾಗುತ್ತೆ.

ಈಗ ಎಕೋ. ಬಲಗಡೆಯ ಟ್ರೈಕಸ್ಪಿಡ್ ಕವಾಟದಿಂದ ಹಿಂದಕ್ಕೆ ಸೋರುವ ರಕ್ತದ ವೇಗವನ್ನು ಡಾಪ್ಲರ್ ಅಳೆಯುತ್ತೆ. ವೇಗದಿಂದ ಒತ್ತಡದ ವ್ಯತ್ಯಾಸ ಸಿಗುತ್ತೆ: 4 × v². ನಮ್ಮ ಮಹಿಳೆಯಲ್ಲಿ ವೇಗ ಸೆಕೆಂಡಿಗೆ 3.8 ಮೀಟರ್ ಅಂದುಕೊಳ್ಳಿ. ಲೆಕ್ಕ ಸುಮಾರು 58. ಹೃದಯಕ್ಕೆ ರಕ್ತ ತರುವ ದೊಡ್ಡ ಅಭಿಧಮನಿ ಊದಿದೆ, ಉಸಿರೆಳೆದಾಗಲೂ ಕುಗ್ಗಲ್ಲ. ಅದಕ್ಕೆ 15 ಸೇರಿಸಿ. ಒಟ್ಟು 73. ಇದು ಸರಾಸರಿಯಲ್ಲ, ಹೃದಯ ಸಂಕುಚಿಸುವಾಗಿನ ಒತ್ತಡ. ವೇಗ 2.8ರೊಳಗಿದ್ದು ಬೇರೆ ಸುಳಿವೂ ಇಲ್ಲದಿದ್ದರೆ ಅನುಮಾನ ಕಡಿಮೆ, 3.4 ದಾಟಿದರೆ ಬಲವಾದ ಅನುಮಾನ.

ಆದರೆ ಈ ಒಂದು ಸಂಖ್ಯೆಯನ್ನೇ ನಂಬಬೇಡಿ. ಸೋರಿಕೆಯೇ ಸರಿಯಾಗಿ ಕಾಣದಿದ್ದರೆ ಲೆಕ್ಕವೇ ಇಲ್ಲ. ಬಲ ಹೃದಯ ಪೂರ್ತಿ ಸೋತಾಗ ತಳ್ಳುವ ಶಕ್ತಿ ಕುಸಿದು ಸಂಖ್ಯೆ ಇಳಿಯಬಹುದು. ನೋಡಿದವರಿಗೆ ‘ಸುಧಾರಿಸಿದೆ’ ಅನ್ನಿಸುತ್ತೆ. ಅದಕ್ಕೇ ರಿಪೋರ್ಟಿನಲ್ಲಿ ಇನ್ನೆರಡು ವಿಷಯ ನೋಡಬೇಕು: ಎಡ ಹೃದಯ ದುಂಡಗಿರದೆ D ಆಕಾರಕ್ಕೆ ಬಂದಿದೆಯಾ? ಬಲ ಹೃದಯದ ಚಲನೆ ಹೇಳುವ TAPSE 17 ಮಿ.ಮೀ.ಗಿಂತ ಕಡಿಮೆಯಾ?

ಎಕೋ ಹುಟ್ಟಿಸೋದು ಅನುಮಾನ ಮಾತ್ರ. ಖಚಿತ ಉತ್ತರ ಕೊಡೋದು ಬಲ ಹೃದಯಕ್ಕೆ ನಳಿಕೆ ಹಾಕಿ ಅಳೆಯುವ ಕ್ಯಾಥೆಟರ್ ಪರೀಕ್ಷೆ. ತೊಂದರೆ ಶ್ವಾಸಕೋಶದ ನಾಳದಲ್ಲಿದೆಯಾ, ಎಡ ಹೃದಯದಿಂದ ಬಂದಿದೆಯಾ ಅಂತ ಅದು ಬೇರ್ಪಡಿಸುತ್ತೆ. ಇದು ಮುಖ್ಯ, ಯಾಕಂದ್ರೆ ಮೊದಲನೆಯದಕ್ಕೆ ಕೊಡುವ ನಾಳ ಹಿಗ್ಗಿಸುವ ಔಷಧ ಎರಡನೆಯದರಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿಸಬಹುದು.