ಆರ್ಕಿಟೆಕ್ಚರ್ ವಿವರಣೆ, ಮಿಶ್ರ ಸಭೆಗೆ

ಸಾಫ್ಟ್‌ವೇರ್ ವ್ಯವಸ್ಥೆಯೊಂದರ ರಚನೆಯನ್ನು ಎಂಜಿನಿಯರುಗಳಿಗೂ ವ್ಯವಹಾರ ವಿಭಾಗದವರಿಗೂ ಒಟ್ಟಿಗೆ ವಿವರಿಸುವ ಕ್ರಮ. ಸೈಮನ್ ಬ್ರೌನ್ ರೂಪಿಸಿದ ಸಿ4 ಮಾದರಿಯು ಚಿತ್ರಗಳನ್ನು ಸಂದರ್ಭ, ಕಂಟೇನರ್, ಕಾಂಪೊನೆಂಟ್, ಕೋಡ್ ಎಂಬ ನಾಲ್ಕು ಹಂತಗಳಲ್ಲಿ ಜೋಡಿಸುತ್ತದೆ. ಆದರೆ ಹಂತಹಂತವಾಗಿ ಕೆಳಗಿಳಿದಂತೆ ಸಭೆಯ ಅರ್ಧದಷ್ಟು ಜನ ಹಿಂದುಳಿಯುತ್ತಾರೆ. ಸಂದರ್ಭಚಿತ್ರ ತೋರಿಸಿದ ಮೇಲೆ ಒಂದೇ ವಹಿವಾಟನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸುವುದು ಲೇಸು. ಯುಪಿಐ ಪಾವತಿಯನ್ನೇ ನೋಡಿ: ಆ್ಯಪ್‌ನಿಂದ ಹೊರಟ ಕೋರಿಕೆ ಎನ್‌ಪಿಸಿಐ ಸ್ವಿಚ್ ಮೂಲಕ ಕೊಡುವವರ ಬ್ಯಾಂಕ್ ತಲುಪಿ ಹಣ ಕಡಿತವಾಗುತ್ತದೆ, ಬಳಿಕ ಪಡೆಯುವವರ ಬ್ಯಾಂಕಿಗೆ ಜಮಾ ಸೂಚನೆ ಹೋಗುತ್ತದೆ. ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ಇಲ್ಲಿ ನಿಂತು ಕೇಳಬೇಕು: ಹಣ ಕಡಿತವಾಗಿ, ಜಮಾದ ಉತ್ತರ ಬರದಿದ್ದರೆ?

ಈ ಕ್ರಮ ಎಂಜಿನಿಯರುಗಳಿಗೆ ತೆಳುವಾಗುತ್ತದೆ ಎಂಬ ಆಕ್ಷೇಪ ಈ ಪ್ರಶ್ನೆಯ ಮುಂದೆ ನಿಲ್ಲದು. ಉತ್ತರ ಬಾರದಿರುವುದು ಜಮಾ ಆಗಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಅವಸರದಲ್ಲಿ ಹಣ ಹಿಂತಿರುಗಿಸಿದರೆ ಎರಡೂ ಕಡೆ ಹಣ ಸೇರಬಹುದು. ಹೀಗಾಗಿ ವಹಿವಾಟು ಸಂಖ್ಯೆ, ಸ್ಥಿತಿ ವಿಚಾರಣೆ, ದಿನದ ಲೆಕ್ಕ ತಾಳೆ ಎಲ್ಲವೂ ಚರ್ಚೆಗೆ ಬರುತ್ತವೆ. ಎರಡು ಪ್ರತ್ಯೇಕ ಸಭೆ ಸಾಲದೇ ಎನ್ನುವವರಿದ್ದಾರೆ. ಕೋಡ್ ವಿವರಕ್ಕಾದರೆ ಸಾಕು. ಆದರೆ ಗ್ರಾಹಕರಿಗೆ ‘ಬಾಕಿ ಇದೆ’ ಎಂದು ಎಷ್ಟು ಹೊತ್ತು ತೋರಿಸಬೇಕೆಂಬುದು ಟೈಮ್‌ಔಟ್ ಮಿತಿಯ ಪ್ರಶ್ನೆಯೂ ಹೌದು, ದೂರುಗಳ ಖರ್ಚಿನ ಪ್ರಶ್ನೆಯೂ ಹೌದು. ಅದನ್ನು ಒಂದೇ ಕೋಣೆಯಲ್ಲಿ ತೀರ್ಮಾನಿಸಬೇಕು. ಚಿತ್ರದ ಬಾಣಗಳ ಮೇಲೆ ಪ್ರೋಟೊಕಾಲ್ ಹೆಸರಿನ ಬದಲು ‘ಜಮಾ ಕೋರಿಕೆ’ಯಂಥ ಕ್ರಿಯೆಯನ್ನು ಬರೆಯುವುದು ಇದಕ್ಕಾಗಿಯೇ.